ಇನ್ನೂರ ಹದಿನಾಲ್ಕನೇ ಸಾಲಿನ ಅಡಿಗೆರೆ

ನಬೀ ಚಾಚಾಗೆ ಓದಲು ಬರುವುದಿಲ್ಲ. ಹರಿಹರದ ನಮ್ಮ ಖಬರಸ್ಥಾನದಲ್ಲಿ ನಲವತ್ತು ವರ್ಷದಿಂದ ಖಬರ್ ತೋಡುವವರು ಅವರೇ. ಅಂಕಿ ಗೊತ್ತು, ಅದೂ ಬಸ್ಸಿನ ನಂಬರು ನೋಡಿ ಕಲಿತದ್ದು. ಅಕ್ಷರ ಒಂದೂ ಗೊತ್ತಿಲ್ಲ. ಆದರೂ ಏಳುನೂರು ಚಿಲ್ಲರೆ ಹೆಸರಿರುವ ಖಬರಸ್ಥಾನದ ಪಟ್ಟಿಯನ್ನು ಅವರಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರಿರಲಿಲ್ಲ.

ಆ ಪಟ್ಟಿಯನ್ನು ಟೈಪು ಹೊಡೆದವರು ಕುತುಬುದ್ದೀನ್ ಸಾಹೇಬರು. ಕೋರ್ಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತು ಅರ್ಜಿ ಟೈಪು ಮಾಡುತ್ತಿದ್ದವರು, ಖಬರಸ್ಥಾನದ ಕಮಿಟಿಗೂ ಅವರೇ ಕಾರ್ಯದರ್ಶಿ. ಮೂವತ್ತೊಂದು ಹಾಳೆ, ಹಾಳೆಗೆ ಇಪ್ಪತ್ತೈದು ಸಾಲು. ಖಬರಿನ ನಂಬರು, ಹೆಸರು, ದಫನ್ ಆದ ತಾರೀಖು, ಸಂಬಂಧಿಕರು. ಕೋಷ್ಟಕದ ಗೆರೆಗಳನ್ನು ನೀಲಿ ಪೆನ್ನಿನಲ್ಲಿ ಸ್ಕೇಲು ಇಟ್ಟು ಎಳೆದಿದ್ದರು. ಓದಲು ಬಾರದ ನಬೀ ಚಾಚಾಗೋಸ್ಕರ ಅವರು ಹೆಸರುಗಳ ಮೇಲೆ ಮೂರು ಗುರುತು ಇಟ್ಟಿದ್ದರು. ಹೆಸರಿನ ನಡುವೆ ಅಡ್ಡಗೆರೆ ಹೊಡೆದಿದ್ದರೆ ಮಣ್ಣು ತನ್ನ ಕೆಲಸ ಮುಗಿಸಿದೆ, ಅಲ್ಲಿ ಇನ್ನೊಬ್ಬರನ್ನು ಮಲಗಿಸಬಹುದು. ಅದೇ ಅಕ್ಷರದ ಮೇಲೆ ಇನ್ನೊಂದು ಸಲ ಕೀಲಿ ಕುಟ್ಟಿ ದಪ್ಪ ಮಾಡಿದ್ದರೆ ಅವರಿಗೆ ಬಂದುಹೋಗುವವರು ಯಾರೂ ಇಲ್ಲ, ಜುಮೇರಾತಿನ, ಅಂದರೆ ಗುರುವಾರದ, ಸಂಜೆ ಚಾಚಾನೇ ನೀರು ಹಾಕಬೇಕು. ಕೆಳಗೆ ಗೆರೆ ಇದ್ದರೆ ಆ ಜಾಗಕ್ಕೆ ಹಾರೆ ಮುಟ್ಟಿಸಬಾರದು.

ಕುತುಬುದ್ದೀನ್ ಸಾಹೇಬರು ತೀರಿಕೊಂಡು ಹದಿನಾಲ್ಕು ವರ್ಷ. ಹಾಳೆಗಳು ಮಾತ್ರ ಖಬರಸ್ಥಾನದ ಗೇಟಿನ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಇದ್ದವು. ಚಾಚಾ ಬೆರಳಿಟ್ಟು ಸಾಲು ಎಣಿಸಿ, ಗುರುತು ನೋಡಿ, ಹಾರೆ ಹಿಡಿದು ಹೋಗುತ್ತಿದ್ದರು.

ಇದನ್ನೆಲ್ಲ ನಾನು ಈಗ ಬರೆಯುತ್ತಿದ್ದೇನೆ. ಹಾಳೆಗಳು ನನ್ನ ಕೈಗೆ ಬಂದಾಗ ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ.

ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಹಲ್ಲಿನ ಕ್ಲಿನಿಕ್ಕಿನ ಮೇಲಿರುವ ಮಹಾಂತೇಶ್ ಅವರ ಸ್ಕ್ಯಾನಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಳೆ ಕಾಗದ ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್ ಓದಿದ್ದನ್ನು ತಿದ್ದಿ, ಎಕ್ಸೆಲ್ಲಿಗೆ ಏರಿಸುವುದು. ಒಂದೂವರೆ ವರ್ಷದ ಮಗಳು ಸಬಾ ನನ್ನ ಮೇಜಿನ ಕೆಳಗೆ ಕೌದಿಯ ಮೇಲೆ ಮಲಗಿರುತ್ತಾಳೆ. ಕೆಳಗಿನ ಕ್ಲಿನಿಕ್ಕಿನಿಂದ ಹಲ್ಲು ಕೊರೆಯುವ ಸದ್ದು ಬಂದರೆ ಅವಳಿಗೆ ಜೋಗುಳ. ನನ್ನ ತವರು ಹರಿಹರ, ಹಾಗಾಗಿ ಖಬರಸ್ಥಾನದ ಕೆಲಸ ಬಂದಾಗ "ನಿಮ್ಮೂರಿನ ಜನ, ನೀವೇ ನೋಡ್ಕೊಳ್ರಿ ಗುಲ್ನಾಜ್" ಎಂದು ಮಹಾಂತೇಶ್ ನನಗೇ ಕೊಟ್ಟರು.

ಕೆಲಸ ತಂದವನು ತಾರಿಕ್, ಕಮಿಟಿಯ ಈಗಿನ ಕಾರ್ಯದರ್ಶಿ, ಮೊಬೈಲ್ ಅಂಗಡಿಯವನು. ಎಲ್ಲ ಫೋನಿನಲ್ಲಿ ಸಿಗಬೇಕು ಎನ್ನುವುದು ಅವನ ಹಂಬಲ. ಅದಕ್ಕೊಂದು ಆ್ಯಪ್ ಕೂಡ ಮಾಡಿಸಿದ್ದ.

ನಾನು ಶ್ರದ್ಧೆಯಿಂದಲೇ ಮಾಡಿದೆ. ನಮ್ಮ ಸಾಫ್ಟ್‌ವೇರ್ ಮೊದಲು ಓರೆಯಾದ ಹಾಳೆಯನ್ನು ನೇರ ಮಾಡುತ್ತದೆ, ಬಣ್ಣ ತೆಗೆದು ಕಪ್ಪು ಬಿಳುಪು ಮಾಡುತ್ತದೆ, ಕೋಷ್ಟಕದ ಗೆರೆಗಳನ್ನು ಅಳಿಸಿ ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಓದುತ್ತದೆ. ಗೆರೆ ಅಳಿಸುವಾಗ ಹೆಸರಿನ ಕೆಳಗಿನ ಗೆರೆಯೂ ಅಳಿಸಿಹೋಗುತ್ತದೆಂದು ನನಗೆ ಹೊಳೆಯಲಿಲ್ಲ. ಅಡ್ಡಗೆರೆ ಹೊಡೆದ ಹೆಸರುಗಳನ್ನು ಅದು ಏನೇನೋ ಓದಿತ್ತು, ನಾನು ಚಿತ್ರ ನೋಡಿ ಸರಿ ಮಾಡಿ, ಎಕ್ಸೆಲ್ಲಿನಲ್ಲೂ ಹಾಗೇ ಅಡ್ಡಗೆರೆ ಹಾಕಿದೆ. ದಪ್ಪ ಇದ್ದದ್ದನ್ನು ದಪ್ಪ ಮಾಡಿದೆ. ಒಂದೇ ಒಂದು ಸಾಲು ಬಗೆಹರಿಯಲಿಲ್ಲ. ಇನ್ನೂರ ಹದಿನಾಲ್ಕು. ಹೆಸರಿನ ಜಾಗದಲ್ಲಿ ಮಸಿಯ ಉಂಡೆ, ತಾರೀಖು ಇಲ್ಲ, ಸಂಬಂಧಿಕರಿಲ್ಲ. ಖಾಲಿ ಬಿಟ್ಟೆ.

ತಾರಿಕನ ಆ್ಯಪಿಗೆ ಎಕ್ಸೆಲ್ ಆಗುತ್ತಿರಲಿಲ್ಲ, ಸಿಎಸ್‌ವಿ ಬೇಕಿತ್ತು. ಒಂದು ಬಟನ್ ಒತ್ತಿ ಉಳಿಸಿ ಕಳಿಸಿದೆ. ಸಿಎಸ್‌ವಿಯಲ್ಲಿ ಬರೀ ಅಕ್ಷರ, ಅಂಕಿ, ನಡುವೆ ಅಲ್ಪವಿರಾಮ ಉಳಿಯುತ್ತದೆ. ದಪ್ಪ, ಗೆರೆ, ಬಣ್ಣ ಯಾವುದೂ ಉಳಿಯುವುದಿಲ್ಲ. ಇದು ನನಗೆ ಗೊತ್ತಿರುವ ವಿಷಯವೇ. ಆ ಹೊತ್ತಿಗೆ ಸಬಾ ಎದ್ದು ಅಳುತ್ತಿದ್ದಳು.

ಮುಂದಿನ ಸೋಮವಾರ ಬೆಳಗ್ಗೆ ನಬೀ ಚಾಚಾ ಬಸ್ಸು ಹತ್ತಿ ಆಫೀಸಿಗೇ ಬಂದರು. ಎಪ್ಪತ್ತರ ಮೇಲಿನ ವಯಸ್ಸು, ಎಡಗಾಲು ಸ್ವಲ್ಪ ಎಳೆಯುತ್ತದೆ. ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಪ್ರಿಂಟು. ತಾರಿಕ್ ಆ್ಯಪಿನಿಂದ ತೆಗೆದುಕೊಟ್ಟದ್ದು.

"ಬರ್ರಿ ಯಜಮಾನ್ರೆ, ಕೂಡ್ರಿ," ಎಂದರು ಮಹಾಂತೇಶ್.

ಚಾಚಾ ಕೂರಲಿಲ್ಲ. ಪ್ರಿಂಟನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು. "ಬೇಟಿ, ಇದೇನು ಮಾಡೀಯ? ಎಲ್ಲಾರೂ ಎದ್ದು ಕೂತಾರೆ."

"ಯಾರು ಚಾಚಾ?"

"ಮಣ್ಣಾಗಿ ಹೋದೋರೆಲ್ಲ. ಅಡ್ಡ ಗೆರೆ ಎಲ್ಲೈತೆ? ಇವರು ಮೂವತ್ತು ವರ್ಷದ ಹಿಂದಿನೋರು, ನಿನ್ನೆ ಬಂದು ಮಲಗಿದಂಗೆ ಅದಾರೆ. ದಪ್ಪನೋರು ಎಲ್ಲಿ? ನಾ ಯಾರಿಗೆ ನೀರು ಹಾಕ್ಲಿ? ಗೆರೆ ಮೇಲೆ ಮಲಗಿದೋರು ಎಲ್ಲಿ?"

ಮಹಾಂತೇಶ್ ನಕ್ಕರು. "ಅಕ್ಷರ ಎಲ್ಲಾ ಸರಿ ಐತಲ್ರಿ. ಗೆರೆ ಏನು, ಅಲಂಕಾರಕ್ಕೆ ಹಾಕಿರ್ತಾರೆ."

"ಅಕ್ಷರ ನಿಮ್ಮದು. ಗೆರೆ ನಂದು," ಎಂದರು ಚಾಚಾ.

ಮಹಾಂತೇಶ್ ನಗು ನಿಲ್ಲಿಸಿದರು. ಆಗ ಚಾಚಾ ಮೂರು ಗುರುತಿನ ಅರ್ಥ ಹೇಳಿದರು. ನಾನು ಕೇಳುತ್ತಾ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೆ. ಅಸಲು ಹಾಳೆಗಳು ಎಲ್ಲಿ ಎಂದು ಕೇಳಿದ್ದಕ್ಕೆ, ತಾರಿಕ್ ಪ್ಲಾಸ್ಟಿಕ್ ಹೊದಿಸಲು ಕೊಟ್ಟಿದ್ದಾನೆ, ಹದಿನೈದು ದಿನ ಆಗುತ್ತದಂತೆ, ಎಂದರು. ನಮ್ಮಲ್ಲಿ ಸ್ಕ್ಯಾನ್ ಮಾಡಿದ ಚಿತ್ರಗಳಿದ್ದವು.

ಚಹಾ ತರಿಸಿದೆ. ಚಾಚಾ ಅರ್ಧ ಕುಡಿದು ಲೋಟ ಕೆಳಗಿಟ್ಟು, ಪ್ರಿಂಟಿನ ಒಂಬತ್ತನೇ ಹಾಳೆ ತೆಗೆದು, ಮೇಲಿಂದ ಬೆರಳಿನಲ್ಲಿ ಎಣಿಸಿದರು. ಹದಿನಾಲ್ಕಕ್ಕೆ ನಿಂತರು. "ಇಲ್ಲಿ ಒಬ್ಬರಿದ್ರು. ದಪ್ಪ. ಕೆಳಗೆ ಗೆರೆ. ಅವರೇ ಇಲ್ಲ."

ನಂಬರು ಮಾತ್ರ ಇತ್ತು. ನಾನು ಖಾಲಿ ಬಿಟ್ಟ ಸಾಲು.

"ಅದು ಯಾರದು ಚಾಚಾ?"

"ಗೊತ್ತಿಲ್ಲ." ಅವರು ದನಿ ತಗ್ಗಿಸಿದರು. "ನನ್ನ ಅಮೀನಾಬೀ ತೀರಿದ ವರ್ಷ ನನ್ನ ಕಾಲು ಮುರಿದಿತ್ತು. ನಾಲ್ಕು ತಿಂಗಳು ಹಾಸಿಗೆ. ಗುತ್ತೂರಿನೋನು ಒಬ್ಬ ಬಂದು ಖಬರ್ ತೋಡ್ತಿದ್ದ. ನನ್ನ ಹೆಂಡ್ತಿದೂ ಅವನೇ ತೋಡಿದ್ದು, ನನ್ನನ್ನ ಕುರ್ಚಿ ಮೇಲೆ ಹೊತ್ಕೊಂಡು ಹೋಗಿ ಮೂರು ಮುಷ್ಟಿ ಮಣ್ಣು ಹಾಕಿಸಿದ್ರು. ಎದ್ದು ಹೋಗಿ ನೋಡಿದ್ರೆ ಅವಳ ಪಕ್ಕ ನಾಲ್ಕು ಕಲ್ಲು ಇಟ್ಟ ಜಾಗ. ಸಾಹೇಬ್ರು ಹೊಸ ಹಾಳೆ ಹೊಡೆದಿದ್ರು. ದಪ್ಪ, ಅಡಿಗೆರೆ. ಅನಾಥರು, ಮುಟ್ಟಬ್ಯಾಡ. ಯಾರು ಅಂತ ಕೇಳಿದೆ. ಅವರು ನನ್ನ ಮಖ ನೋಡಿ, ನೀರು ಹಾಕ್ತಿರು ಸಾಕು ಅಂದ್ರು. ಆ ರಂಜಾನಿಗೆ ಅವರೂ ಹೋದ್ರು."

"ಹದಿನಾಲ್ಕು ವರ್ಷ ಹಾಕೀರಾ?"

"ಒಂದು ಜುಮೇರಾತ್ ತಪ್ಪಿಸಿಲ್ಲ. ಮೊದಮೊದಲು ಸಿಟ್ಟಿತ್ತು ಬೇಟಿ. ಯಾರೋ ಏನೋ, ನನ್ನ ಹೆಂಡ್ತಿ ಪಕ್ಕ ಬಂದು ಮಲಗ್ಯಾರಲ್ಲ ಅಂತ." ನಕ್ಕರು. ಆಮೇಲೆ ನಗು ಹೋಯಿತು. "ಒಂದು ಮಾತು ಹೇಳ್ತೀನಿ, ನಗಬ್ಯಾಡ. ಯಾವ ಖಬರಾದ್ರೂ ಎರಡು ಮಳೆಗಾಲಕ್ಕೆ ಕುಸೀತೈತೆ. ಒಳಗಿನೋರು ಮಣ್ಣಾದಂಗೆ ಮೇಲಿನ ಮಣ್ಣು ಇಳೀತೈತೆ. ಅದೊಂದು ಇಳಿದೇ ಇಲ್ಲ. ಹದಿನಾಲ್ಕು ಮಳೆಗಾಲ. ಇಟ್ಟ ಕಲ್ಲು ಇಟ್ಟಂಗೆ. ಅಲ್ಲಿರೋರು ಇನ್ನೂ ಮಲಗಿಲ್ಲ. ಕಾಯ್ತಾ ಅದಾರೆ. ಅವರನ್ನ ಎಬ್ಬಿಸಬ್ಯಾಡ್ರಿ."

ಮೇಜಿನ ಕೆಳಗಿಂದ ಸಬಾ ಎದ್ದು ಬಂದು ಅವರ ಲುಂಗಿ ಹಿಡಿದು ನಿಂತಳು. ಅವರು ಅವಳ ತಲೆ ಸವರಿದರು. ಆ ಕೈಯ ಗೆರೆಗಳಲ್ಲಿ ಕೆಮ್ಮಣ್ಣು ಹೊಕ್ಕು ಬಣ್ಣವೇ ಹಾಗಾಗಿತ್ತು. ನನಗೆ ಮಗಳನ್ನು ಎತ್ತಿಕೊಂಡುಬಿಡಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವರು ಹೋದ ಮೇಲೆ ಮಹಾಂತೇಶ್ ಕೇಳಿದರು, "ಒಂದು ಕಾಲಮ್ ಹೆಚ್ಚಿಗೆ ಹಾಕಿ, ಷರಾ ಅಂತ ಬರೆದ್ರೆ ಆಗಲ್ವೇನ್ರಿ? ತೆರೆಯಬಹುದು, ತೆರೆಯಬಾರದು, ನೀರು ಹಾಕು?"

"ಒಂದೇ ಹೆಸರಿನ ಮೇಲೆ ಎರಡು ಗುರುತು ಇರ್ತಾವೆ ಸರ್. ಒಂದು ಕಾಲಮ್ಮಿನಲ್ಲಿ ಒಂದು ಬರೆದರೆ ಇನ್ನೊಂದು ಹೋಗುತ್ತೆ. ಮೂರು ಬೇಕು."

ಹೆಸರಿನ ಕಾಲಮ್ಮಿನ ಪಕ್ಕ ಮೂರು ಹೊಸ ಕಾಲಮ್ ತೆರೆದೆ: ಅಡ್ಡಗೆರೆ, ದಪ್ಪ, ಅಡಿಗೆರೆ. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಗೊತ್ತಾಗದಿದ್ದರೆ ಸೊನ್ನೆ ಹಾಕುವಂತಿಲ್ಲ, ಪ್ರಶ್ನೆ ಚಿಹ್ನೆ. ಸೊನ್ನೆ ಎಂದರೆ ನೋಡಿದೆ, ಇಲ್ಲ ಎಂದರ್ಥ. ಗೊತ್ತಿಲ್ಲ ಎನ್ನುವುದು ಬೇರೆ ಮಾತು. ಗುರುತಿನ ಅರ್ಥವನ್ನು ಕಾಲಮ್ಮಿನಲ್ಲಿ ಬರೆಯಲಿಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆದೆ. ಅರ್ಥ ಬೇರೆ ಹಾಳೆಗೆ ಹೋಯಿತು. ಹೀಗೆ ಮಾಡಿದರೆ ಸಿಎಸ್‌ವಿ ಆಗಲಿ, ಆ್ಯಪ್ ಆಗಲಿ, ಈ ಒಂದು-ಸೊನ್ನೆಗಳನ್ನು ಅಳಿಸಲಾರವು.

ಕೆಲಸ ನಿಧಾನ, ಸಾಫ್ಟ್‌ವೇರ್ ಗೆರೆ ಅಳಿಸುವ ಮೊದಲಿನ ಬಣ್ಣದ ಚಿತ್ರಗಳನ್ನೇ ನೋಡಬೇಕು. ಟೈಪ್‌ರೈಟರಿನ ರಿಬ್ಬನ್ ಹೊಸದಾಗಿದ್ದ ಹಾಳೆಯಲ್ಲಿ ಎಲ್ಲರೂ ದಪ್ಪವೇ ಕಾಣುತ್ತಾರೆ. ಹಾಗಾಗಿ ಒಂದು ಹೆಸರನ್ನು ಅದೇ ಹಾಳೆಯ ಪಕ್ಕದ ಹೆಸರಿನೊಂದಿಗೇ ಹೋಲಿಸಬೇಕು. ನಿಜವಾಗಿ ಎರಡು ಸಲ ಕುಟ್ಟಿದ್ದರೆ ಎರಡನೆಯ ಏಟು ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದಿರುತ್ತದೆ, ಅಕ್ಷರಕ್ಕೊಂದು ನೆರಳು ಇರುತ್ತದೆ. ದಿನವಿಡೀ ನೆರಳು ಹುಡುಕುವುದಾಯಿತು. ಅಡ್ಡಗೆರೆಯ ಕೆಳಗೆ ಹೆಸರುಗಳು ಉಸಿರು ಬಿಗಿಹಿಡಿದು ಮಲಗಿದಂತೆ ಕಾಣುತ್ತಿದ್ದವು. ಮನೆಯಲ್ಲಿ ಸಬಾಳಿಗೆ ಅನ್ನ ಕಲಸುವಾಗಲೂ ತಟ್ಟೆಯ ಅಂಚು ನೋಡಿ "ಅಡಿಗೆರೆ, ಒಂದು" ಎಂದುಕೊಂಡಿದ್ದೆ. ನನ್ನ ಗಂಡ ನೌಮಾನ್ "ನಿನಗೆ ಗಾಳಿ ಹೊಡೆದೈತೆ ನೋಡು" ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಬುಧವಾರ ಮಧ್ಯಾಹ್ನಕ್ಕೆ ಆರು ಹಾಳೆ ಮುಗಿದಿತ್ತು. ಆಗ ತಾರಿಕನ ಫೋನು ಬಂತು.

"ಅಕ್ಕಾ, ನಿಮ್ಮ ನಬೀ ಚಾಚಾಗೆ ತಲೆ ಕೆಟ್ಟೈತೆ. ಇಲ್ಲಿ ಮೌತ್ ಆಗೈತೆ, ಸಂಜೆ ಅಸರ್ ನಮಾಜ್ ಆದ ಮೇಲೆ ಮಣ್ಣು. ಆ್ಯಪಿನಲ್ಲಿ ಇನ್ನೂರ ಹದಿನಾಲ್ಕು ಖಾಲಿ ತೋರಿಸ್ತೈತೆ. ಹೆಸರಿಲ್ಲ, ತಾರೀಖಿಲ್ಲ. ತೋಡ್ರಿ ಅಂದ್ರೆ ಈಯಪ್ಪ ಅದರ ಮೇಲೆ ಹೋಗಿ ಕೂತಾನೆ, ಎದ್ದೇಳ್ತಿಲ್ಲ."

"ಬೇರೆ ಜಾಗ ಇಲ್ವಾ ತಾರಿಕ್?"

"ಐತೆ ಅಕ್ಕ. ಅದಲ್ಲ ವಿಷಯ. ಖಾಲಿ ಜಾಗದಲ್ಲಿ ಯಾರೋ ಮಲಗ್ಯಾರೆ, ಎಬ್ಬಿಸಬ್ಯಾಡ್ರಿ ಅಂತ ಎಲ್ಲರ ಮುಂದೆ ಹೇಳ್ತಾನೆ. ಜನ ಏನಂದ್ಕೋತಾರೆ? ಕಮಿಟಿಯೋರು ಇಲ್ಲೇ ನಿಂತಾರೆ. ಇವತ್ತಿಂದ ಈಯಪ್ಪ ಬ್ಯಾಡ, ಬೇರೆಯೋರನ್ನ ಕರೀರಿ ಅಂತಾ ಅದಾರೆ. ಆ ಸಾಲಿನಾಗೆ ಏನಾದ್ರೂ ಐತಾ ಇಲ್ವಾ, ಅಷ್ಟು ಹೇಳಿಬಿಡ್ರಿ. ಇಲ್ಲ ಅಂದ್ರೆ ಎಬ್ಬಿಸಿ ತೋಡಿಸ್ತೀವಿ."

ಹಿಂದಿನಿಂದ ಚಾಚಾನ ದನಿ ಕೇಳಿಸಿತು. ಗಟ್ಟಿಯಾಗಿ, ಒಂದೇ ಸಮನೆ: "ಒಂಬತ್ತನೇ ಹಾಳೆ. ಮೇಲಿಂದ ಹದಿನಾಲ್ಕು. ಅಡಿಗೆರೆ ಐತೆ."

"ಹತ್ತು ನಿಮಿಷ ಕೊಡು. ಹಾರೆ ಹಾಕಿಸಬ್ಯಾಡ," ಎಂದೆ.

ಅವಸರದಲ್ಲಿ ಕೈಗೆ ಸಿಕ್ಕ ಒಂಬತ್ತನೇ ಹಾಳೆ ತೆರೆದೆ. ಶುದ್ಧ ಮಾಡಿದ ಚಿತ್ರದಲ್ಲಿ ಹೆಸರಿನ ಕೆಳಗೆ ಏನೂ ಇರಲಿಲ್ಲ, ಬೆಳ್ಳಗಿತ್ತು. ಹಾಗೆ ನೋಡಿದರೆ ಸೊನ್ನೆ. ಆದರೆ ಅದು ಸಾಫ್ಟ್‌ವೇರ್ ತೊಳೆದ ಚಿತ್ರ. ಮೊದಲು ಸ್ಕ್ಯಾನ್ ಮಾಡಿದ ಬಣ್ಣದ ಚಿತ್ರ ಹುಡುಕಿ ತೆಗೆದೆ. ಅಲ್ಲಿ ಒಂದು ಗೆರೆ ಇತ್ತು. ನೀಲಿ. ಪೆನ್ನಿನ ಗೆರೆ, ಕೋಷ್ಟಕದ್ದು. ಚಾಚಾ ಇದನ್ನೇ ಅಡಿಗೆರೆ ಅಂದುಕೊಂಡಿದ್ದರೆ?

ದೊಡ್ಡದು ಮಾಡಿದೆ. ಇನ್ನೂ ದೊಡ್ಡದು. ಪೆನ್ನಿನ ಗೆರೆ ಒಂದೇ ಎಳೆತದ್ದು, ಹಾಳೆಯ ಈ ತುದಿಯಿಂದ ಆ ತುದಿಗೆ ಎಲ್ಲೂ ಮುರಿಯದೆ ಹೋಗುತ್ತದೆ. ಹೆಸರಿನ ಕೆಳಗೆ ಮಾತ್ರ ಆ ನೀಲಿಯ ಬೆನ್ನ ಮೇಲೆ ಕಪ್ಪು ಇತ್ತು. ಸಣ್ಣ ಸಣ್ಣ ತುಂಡು, ಪ್ರತಿಯೊಂದೂ ಒಂದು ಕೀಲಿಯ ಅಗಲ, ನಡುವೆ ಕೂದಲೆಳೆಯಷ್ಟು ಬಿಡುವು. ಹೆಸರು ಮುಗಿದಲ್ಲಿ ಅದೂ ಮುಗಿದಿತ್ತು. ಟೈಪ್‌ರೈಟರಿನ ಅಡಿಗೆರೆ. ಪೆನ್ನಿನ ಗೆರೆಯ ಮೇಲೇ ಕೂತಿದ್ದರಿಂದ ಅದರ ಜೊತೆಗೇ ಅಳಿಸಿಹೋಗಿತ್ತು.

ಅಡಿಗೆರೆ, ಒಂದು.

ಮಸಿಯ ಉಂಡೆಯಲ್ಲಿ ಎರಡಲ್ಲ, ಮೂರು ಸಲ ಕುಟ್ಟಿದ ನೆರಳಿತ್ತು. ದಪ್ಪ, ಒಂದು. ನಡುವೆ ಅಡ್ಡಗೆರೆ ಇಲ್ಲ. ಸೊನ್ನೆ.

ಇಷ್ಟು ಸಾಕಿತ್ತು. ಆದರೆ ನನ್ನ ಕಣ್ಣು ಮೇಲಿನ ಸಾಲಿಗೆ ಹೋಯಿತು. ಇನ್ನೂರ ಹದಿಮೂರು, ಅಮೀನಾಬೀ. ಸಂಬಂಧಿಕರ ಕಾಲಮ್ಮಿನಲ್ಲಿ ಅವರ ಗಂಡನ ಹೆಸರು, ಒಂದೇ ಏಟಿನದು, ಸ್ಪಷ್ಟ. ಆ ಹೆಸರಿನ ಉದ್ದವೂ ಕೆಳಗಿನ ಉಂಡೆಯ ಉದ್ದವೂ ಒಂದೇ ಇದ್ದಂತೆ ಕಂಡಿತು. ಆ ಹೆಸರಿನ ಚಿತ್ರವನ್ನು ಕತ್ತರಿಸಿ, ಅರೆಪಾರದರ್ಶಕ ಮಾಡಿ, ಉಂಡೆಯ ಮೇಲೆ ತಂದು ಇಟ್ಟೆ.

ಕೂತುಕೊಂಡಿತು. ದೀರ್ಘದ ಮೇಲೆ ದೀರ್ಘ, ತಲೆಕಟ್ಟಿನ ಮೇಲೆ ತಲೆಕಟ್ಟು. ನಬೀ ಸಾಬ್.

ಕೆಳಗೆ ಕ್ಲಿನಿಕ್ಕಿನ ಯಂತ್ರ ಆಗಷ್ಟೇ ನಿಂತಿತ್ತು. ಸಬಾ ಯಾವಾಗ ಎದ್ದಳೋ, ನನ್ನ ತೊಡೆಗೆ ಆತು ನಿಂತು ಪರದೆ ನೋಡುತ್ತಿದ್ದಳು. ಹೊರಗೆ ಹೋಗುವವರಿಗೆ ಮಾಡುವಂತೆ ಕೈ ಬೀಸಿ "ಟಾಟಾ" ಎಂದಳು. ನಾನು ಅವಳ ಕೈ ಹಿಡಿದು ಕೆಳಗಿಳಿಸಿದೆ.

ಮಣ್ಣು ಯಾಕೆ ಕುಸಿದಿಲ್ಲ ಎಂದು ಈಗ ಗೊತ್ತಾಯಿತು. ಕೆಳಗೆ ಯಾರೂ ಇಲ್ಲ. ಇನ್ನೂ. ಮಕ್ಕಳಿಲ್ಲದ, ಹೆಂಡತಿ ಹೋದ ಮನುಷ್ಯನಿಗೆ ಕುತುಬುದ್ದೀನ್ ಸಾಹೇಬರು ಅವಳ ಪಕ್ಕ ನಾಲ್ಕು ಕಲ್ಲು ಇಟ್ಟಿದ್ದರು. ಮುಂದೆ ಇವನಿಗೂ ಬಂದುಹೋಗುವವರು ಇಲ್ಲವೆಂದು ದಪ್ಪ ಮಾಡಿದ್ದರು. ಬದುಕಿರುವವನಿಗೆ ಬಾಯಿಬಿಟ್ಟು ಹೇಳುವ ಮಾತಲ್ಲವೆಂದು, ಅವನು ಓದಲಾರದ ಅಕ್ಷರದಲ್ಲಿ ಬರೆದಿದ್ದರು. ಅವನು ಹದಿನಾಲ್ಕು ವರ್ಷ ವಾರಕ್ಕೊಂದು ಕೊಡ ನೀರು ತನಗೇ ಹಾಕಿಕೊಂಡಿದ್ದ.

ತಾರಿಕನಿಗೆ ಫೋನ್ ಮಾಡಿದೆ. "ಗೆರೆ ಐತೆ. ತೋಡಬ್ಯಾಡ. ಚಾಚಾ ಹೇಳಿದ್ದು ಅಕ್ಷರಕ್ಕಕ್ಷರ ನಿಜ, ಕಮಿಟಿಯೋರ ಮುಂದೆ ಹೇಳು. ಚಿತ್ರ ಕಳಿಸಿದೀನಿ. ತಪ್ಪು ನಂದು, ಸಾಲು ಖಾಲಿ ಬಿಟ್ಟೋಳು ನಾನು."

"ಯಾರದಕ್ಕ ಅದು?"

"ಚಿತ್ರ ನೋಡು. ಒಬ್ಬನೇ ನೋಡು. ಅವರಿಗೆ ಓದಿ ಹೇಳಬ್ಯಾಡ."

ಫೋನು ಕಿವಿಯಿಂದ ತೆಗೆದು ಅವನು ಚಿತ್ರ ತೆರೆದಿರಬೇಕು. ಆಮೇಲೆ ತಾರಿಕ್ ದೂರದಲ್ಲಿ ಯಾರಿಗೋ ಹೇಳಿದ್ದು ಕೇಳಿಸಿತು, ದನಿ ಬದಲಾಗಿತ್ತು: "ಚಾಚಾ, ಏಳ್ರಿ. ನಿಮ್ಮ ಮಾತೇ ಸರಿ. ಆ ಕಡೆ ಬೇವಿನ ಮರದ ಹತ್ರ ನೋಡೋಣ ಬರ್ರಿ. ಕೈ ಕೊಡ್ರಿ." ಆ ಸಂಜೆಯ ಖಬರನ್ನು ಚಾಚಾನೇ ತೋಡಿದರಂತೆ.

ಮರುದಿನ ಜುಮೇರಾತ್. ಅರ್ಧ ದಿನ ರಜೆ ಹಾಕಿ ಸಬಾಳನ್ನು ಎತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಒಂಬತ್ತನೇ ಹಾಳೆಯನ್ನು ಹೊಸದಾಗಿ ಪ್ರಿಂಟು ತೆಗೆದಿದ್ದೆ. ಮೂರು ಕಾಲಮ್ಮಿನ ಒಂದು-ಸೊನ್ನೆಗಳನ್ನು ನೋಡಿ ಕಂಪ್ಯೂಟರೇ ಅಡ್ಡಗೆರೆ, ದಪ್ಪ, ಅಡಿಗೆರೆಗಳನ್ನು ಮತ್ತೆ ಹಾಕುವಂತೆ ಮಾಡಿದ್ದೆ. ಇನ್ನೂರ ಹದಿನಾಲ್ಕರಲ್ಲಿ ಹೆಸರೂ ಇತ್ತು.

ಹೆಂಗಸರು ನಾವು ಒಳಗೆ ಹೋಗುವುದಿಲ್ಲ. ಗೇಟಿನ ಬಳಿ ನಿಂತೆ. ಬಿಸಿಲು ಇಳಿದಿತ್ತು. ನದಿಯ ಕಡೆಯಿಂದ ಗಾಳಿ ಬರುತ್ತಿದ್ದರೂ ಬೇವಿನ ಎಲೆ ಅಲುಗಿದಂತೆ ಕಾಣಲಿಲ್ಲ. ಗೇಟಿನಿಂದ ಮೂರನೇ ಸಾಲಿನಲ್ಲೇ ಅಮೀನಾಬೀಯ ಖಬರ್ ಕಾಣುತ್ತದೆ, ಮಣ್ಣು ಕುಸಿದು ತೊಟ್ಟಿಲಿನ ಹಾಗೆ. ಅದರ ಪಕ್ಕ ನಾಲ್ಕು ಕಲ್ಲು. ನಡುವಿನ ನೆಲ ಚಪ್ಪಟೆ, ಯಾರೋ ಈಗಷ್ಟೇ ಹಾಸಿಟ್ಟ ಚಾಪೆಯಂತೆ.

ಚಾಚಾ ಕೊಡ ಹಿಡಿದು ಗೇಟಿಗೆ ಬಂದರು. ಪ್ರಿಂಟು ಕೊಟ್ಟೆ. ಬೆರಳಿಟ್ಟು ಎಣಿಸಿದರು. ಹದಿನಾಲ್ಕಕ್ಕೆ ನಿಂತು ಹೆಸರಿನ ಮೇಲೆ ಬೆರಳು ಸವರಿದರು.

"ಬಂದ್ರು," ಎಂದರು. "ಹೆಸರು ಓದಿದೇನು ಬೇಟಿ?"

"ಓದಿದೆ ಚಾಚಾ."

ಹೇಳಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಪೂರ್ತಿ ಯೋಚಿಸಿಕೊಂಡು ಬಂದಿದ್ದೆ. ಕೇಳಿದರೆ ಸುಳ್ಳು ಹೇಳಬಾರದು ಎಂದಷ್ಟೇ ತೀರ್ಮಾನವಾಗಿತ್ತು.

"ಗಂಡಸೋ ಹೆಂಗಸೋ?"

"ಗಂಡಸು."

"ಹಿಂದೆ ಮುಂದೆ ಯಾರೂ ಇಲ್ಲೇನು?"

"ಹೆಂಡತಿ ಇದ್ರು. ಅವರೂ ಇಲ್ಲೇ ಮಲಗ್ಯಾರೆ."

"ಎಲ್ಲಿ?"

"ಪಕ್ಕದಾಗೆ ಚಾಚಾ."

ಅವರು ಹಿಂದೆ ತಿರುಗಿ ಆ ಜಾಗ ನೋಡಿದರು. ಈ ಪಕ್ಕ ಅಮೀನಾಬೀ. ಆ ಪಕ್ಕ ಕಾಂಪೌಂಡಿನ ಗೋಡೆ. ನನ್ನ ಕಡೆ ಮತ್ತೆ ತಿರುಗಲಿಲ್ಲ. ಪ್ರಿಂಟನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಎಡಗಾಲು ಎಳೆಯುತ್ತಾ ಒಳಗೆ ಹೋದರು.

ಅಮೀನಾಬೀಯ ತಲೆಯ ಕಡೆಯಿಂದ ಕಾಲಿನವರೆಗೆ ನಿಧಾನವಾಗಿ ನೀರು ಹಾಕಿದರು. ಆಮೇಲೆ ನಾಲ್ಕು ಕಲ್ಲಿನ ಎದುರು ನಿಂತು ಕೊಡ ಬಗ್ಗಿಸಿದರು. ಬಗ್ಗಿಸಿದ ಕೈ ಅರ್ಧದಲ್ಲೇ ನಿಂತಿತು. ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಕೊಡವನ್ನು ಮೇಲೆತ್ತಿ, ಉಳಿದ ನೀರನ್ನು ತಾವೇ ಗಟಗಟ ಕುಡಿದರು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.